ಸಿಗ್ನಲ್ ಪೂರ್ತಿ ಇದೆ, ಪೇಜ್ ಮಾತ್ರ ತೆರೆಯುತ್ತಿಲ್ಲ

ಎಲ್ಲರಿಗೂ ನಮಸ್ಕಾರ.

ಹೋದ ತಿಂಗಳು ನಮ್ಮ ಬೀದಿಯಲ್ಲಿ ಬಟ್ಟೆ ಹೊಲಿಯುವ ಅಕ್ಕ ಒಬ್ಬರು ಫೋನ್ ಹಿಡಿದುಕೊಂಡು ಮನೆಗೆ ಬಂದರು. "ನೋಡಪ್ಪ, ಕಡ್ಡಿ ಎಲ್ಲಾ ಇದೆ, 4ಜಿ ಅಂತಾನೂ ಬರ್ತಿದೆ. ಬೆಳಿಗ್ಗೆಯಿಂದ ಒಂದೂ ಓಪನ್ ಆಗ್ತಿಲ್ಲ" ಅಂದರು. ಕಾಲ್ ಬರುತ್ತಿತ್ತು, ಹೋಗುತ್ತಿತ್ತು. ಬ್ರೌಸರ್ ತೆರೆದರೆ ಮಾತ್ರ ಖಾಲಿ ಪುಟ. ಮೊಬೈಲ್ ಅಂಗಡಿಯಲ್ಲಿ ತೋರಿಸಿದ್ದಕ್ಕೆ, ಫೋನ್ ಪೂರ್ತಿ ಅಳಿಸಿ ಹೊಸದರ ತರಹ ಮಾಡಬೇಕು ಅಂದರಂತೆ. ಅದರೊಳಗೆ ಮಗಳ ಮದುವೆಯ ಫೋಟೋ ಇತ್ತು, ಗಿರಾಕಿಗಳ ಅಳತೆ ಇತ್ತು. ಅಕ್ಕನಿಗೆ ಭಯವಾಗಿತ್ತು.

ಕಾರಣ ಹುಡುಕಲು ನಮಗೆ ಇಪ್ಪತ್ತು ನಿಮಿಷ ಬೇಕಾಯಿತು. ಸರಿ ಮಾಡಲು ಅರ್ಧ ನಿಮಿಷ. ಆ ಇಪ್ಪತ್ತು ನಿಮಿಷದಲ್ಲಿ ಏನೇನು ಮಾಡಿದೆವು, ಯಾಕೆ ಅದೇ ಕ್ರಮದಲ್ಲಿ ಮಾಡಿದೆವು ಅಂತ ಇವತ್ತು ಹೇಳುತ್ತೇನೆ. ನಾನು ಹೇಳುವುದು ಆಂಡ್ರಾಯ್ಡ್ ಫೋನಿನ ಬಗ್ಗೆ. ಮೆನುವಿನ ಹೆಸರು ಒಂದೊಂದು ಕಂಪನಿಯ ಫೋನಿನಲ್ಲಿ ಸ್ವಲ್ಪ ಬೇರೆ ಇರುತ್ತದೆ.

ಮೊದಲು ಆ ಕಡ್ಡಿಗಳ ವಿಷಯ. ಮೇಲೆ ಮೂಲೆಯಲ್ಲಿ ಕಾಣುವ ಕಡ್ಡಿ ಹೇಳುವುದು ಒಂದೇ ಮಾತು: ಫೋನಿಗೂ ಟವರಿಗೂ ನಡುವಿನ ರೇಡಿಯೋ ಚೆನ್ನಾಗಿದೆ. ಟವರಿನಿಂದ ಆಚೆಗೆ ಏನಾಗುತ್ತಿದೆ ಅನ್ನುವುದು ಆ ಕಡ್ಡಿಗೆ ಗೊತ್ತಿಲ್ಲ. ಆಚೆಗೆ ಇನ್ನೂ ಮೂರು ಕೆಲಸ ಆಗಬೇಕು. ಕಂಪನಿ ನಿಮ್ಮ ಸಿಮ್‌ಗೆ ಡೇಟಾ ದಾರಿ ಬಿಟ್ಟುಕೊಡಬೇಕು. ನೀವು ಬರೆದ ವೆಬ್‌ಸೈಟ್ ಹೆಸರನ್ನು ಯಾರಾದರೂ ನಂಬರಿಗೆ ಬದಲಾಯಿಸಿ ಕೊಡಬೇಕು, ಯಾಕೆಂದರೆ ಇಂಟರ್‌ನೆಟ್‌ನಲ್ಲಿ ನಂಬರ್ ಗೊತ್ತಿಲ್ಲದೆ ಯಾವ ಸರ್ವರನ್ನೂ ಮುಟ್ಟಲು ಆಗುವುದಿಲ್ಲ. ಈ ಬದಲಾಯಿಸುವ ಕೆಲಸಕ್ಕೆ ಡಿಎನ್‌ಎಸ್ ಅಂತಾರೆ. ಕೊನೆಗೆ, ಆ ಸರ್ವರ್ ಮತ್ತು ನಿಮ್ಮ ಫೋನ್ ಒಬ್ಬರನ್ನೊಬ್ಬರು ನಂಬಬೇಕು. ಈ ಮೂರರಲ್ಲಿ ಯಾವುದು ಕೈಕೊಟ್ಟರೂ ಕಡ್ಡಿ ಹಾಗೇ ಇರುತ್ತದೆ, ಪೇಜ್ ಬರುವುದಿಲ್ಲ.

ಕೆಲವು ಫೋನುಗಳಲ್ಲಿ ಕಡ್ಡಿಯ ಪಕ್ಕ ಒಂದು ಸಣ್ಣ ಆಶ್ಚರ್ಯಸೂಚಕ ಚಿಹ್ನೆ ಬರುತ್ತದೆ. ನೋಡಿದ್ದೀರಲ್ವಾ? ಅದು ಸುಮ್ನೆ ಬರುವುದಲ್ಲ. ಫೋನ್ ನಿಮಗೆ ಕಾಣದ ಹಾಗೆ ಒಂದು ಪುಟ್ಟ ವಿಳಾಸಕ್ಕೆ ಹೋಗಿ ಬರುತ್ತದೆ. ಸಾಮಾನ್ಯವಾಗಿ ಅದು `connectivitycheck.gstatic.com/generate_204`. ಅಲ್ಲಿಂದ 204 ಅನ್ನುವ ಖಾಲಿ ಉತ್ತರ ಬಂದರೆ ಇಂಟರ್‌ನೆಟ್ ಇದೆ ಅಂತ ಲೆಕ್ಕ. ಬರದಿದ್ದರೆ ಆ ಚಿಹ್ನೆ ಹಾಕುತ್ತದೆ. ಟವರ್ ಸಿಕ್ಕಿದೆ, ಅದರಾಚೆ ಏನೋ ತಡೆ ಇದೆ ಅಂತ ಅದರ ಅರ್ಥ. ಅಕ್ಕನ ಫೋನಿನಲ್ಲಿ ಆ ಚಿಹ್ನೆ ಇತ್ತು.

ಈಗ ಹುಡುಕುವ ಕೆಲಸ. ಮೊದಲು ವೈಫೈ ಆಫ್ ಮಾಡಿ. ಹಳೆಯ ಯಾವುದೋ ವೈಫೈ ಹಿಡಿದುಕೊಂಡಿದ್ದರೆ ನೀವು ಪರೀಕ್ಷೆ ಮಾಡುತ್ತಿರುವುದು ಮೊಬೈಲ್ ಡೇಟಾ ಆಗಿರುವುದೇ ಇಲ್ಲ. ಆಮೇಲೆ ಒಂದೇ ಆ್ಯಪ್ ಕೈಕೊಟ್ಟಿದೆಯೋ, ಎಲ್ಲವೂ ಕೈಕೊಟ್ಟಿವೆಯೋ ನೋಡಿ. ಒಂದೇ ಸೈಟ್ ತೆರೆಯದಿದ್ದರೆ ತೊಂದರೆ ಹೆಚ್ಚಾಗಿ ಆ ಸೈಟಿನದು, ನಿಮ್ಮ ಫೋನಿನದಲ್ಲ.

ನಂತರ ಉಳಿದಿರುವ ಡೇಟಾ. ಇದನ್ನು ಜನ ಬಿಟ್ಟುಬಿಡುತ್ತಾರೆ, ಯಾಕೆಂದರೆ ಡೇಟಾ ಮುಗಿದರೆ ನೆಟ್ ಪೂರ್ತಿ ನಿಲ್ಲುತ್ತದೆ ಅಂದುಕೊಂಡಿರುತ್ತಾರೆ. ನಮ್ಮ ದೇಶದ ಎಷ್ಟೋ ಪ್ಲಾನ್‌ಗಳಲ್ಲಿ ದಿನದ ಪಾಲು ಮುಗಿದ ಮೇಲೂ ಡೇಟಾ ನಿಲ್ಲುವುದಿಲ್ಲ. ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಅಂದರೆ ಸೆಕೆಂಡಿಗೆ 8 ಕಿಲೋಬೈಟ್. ಈಗಿನ ಒಂದು ಸುದ್ದಿ ಪುಟ ಸುಲಭವಾಗಿ 2 ಎಂಬಿ ಇರುತ್ತದೆ. ಲೆಕ್ಕ ಹಾಕಿ ನೋಡಿ, ಅದು ಬರಲು ನಾಲ್ಕು ನಿಮಿಷದ ಮೇಲೆ ಬೇಕು. ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ, ಬ್ರೌಸರ್ರೂ ಎಷ್ಟೋ ಸಲ ಮಧ್ಯದಲ್ಲೇ ಕೈಬಿಡುತ್ತದೆ. ಆದರೆ ವಾಟ್ಸಾಪ್‌ನಲ್ಲಿ ಬರೆದ ಮೆಸೇಜ್ ಹೋಗುತ್ತದೆ, ಅದು ಅಷ್ಟು ಚಿಕ್ಕದು. ಮೆಸೇಜ್ ಹೋಗುತ್ತಿದೆ, ಫೋಟೋ ಸುತ್ತುತ್ತಲೇ ಇದೆ, ಪೇಜ್ ಬರುತ್ತಿಲ್ಲ ಅಂದರೆ ಮೊದಲು ಇದನ್ನೇ ನೋಡಿ. ಜಾತ್ರೆಯಲ್ಲಿ, ತೇರಿನ ದಿನ ಕೂಡ ಹೀಗೇ ಆಗುತ್ತದೆ. ಅಲ್ಲಿ ಒಂದೇ ಟವರನ್ನು ಸಾವಿರಾರು ಜನ ಹಂಚಿಕೊಂಡಿರುತ್ತಾರೆ. ನಿಮ್ಮ ಕಡ್ಡಿ ಪೂರ್ತಿ, ನಿಮ್ಮ ಪಾಲಿಗೆ ಬರುವ ವೇಗ ಚೂರು. ಪಕ್ಕದಲ್ಲಿ ಅದೇ ಕಂಪನಿಯ ಸಿಮ್ ಇರುವವರಿಗೂ ಹಾಗೇ ಆಗುತ್ತಿದ್ದರೆ ಫೋನ್ ಮುಟ್ಟಬೇಡಿ, ಜಾಗ ಬದಲಾಯಿಸಿ.

ಅಕ್ಕನಿಗೆ ಡೇಟಾ ಇತ್ತು. ಮುಂದೆ ಗಡಿಯಾರ ನೋಡಿದೆವು. ದಿನಾಂಕ ತಪ್ಪಿದ್ದರೆ ಪೇಜ್ ಯಾಕೆ ಬರಬಾರದು ಅಂತ ಅಕ್ಕ ಕೇಳಿದರು. ಪ್ರತಿ ಸುರಕ್ಷಿತ ಸೈಟೂ ಒಂದು ಗುರುತಿನ ಪತ್ರ ತೋರಿಸುತ್ತದೆ. ಅದರ ಮೇಲೆ ಯಾವತ್ತಿನಿಂದ ಯಾವತ್ತಿನವರೆಗೆ ನಡೆಯುತ್ತದೆ ಅಂತ ಇರುತ್ತದೆ. ನಿಮ್ಮ ಫೋನ್ ಎರಡು ವರ್ಷ ಹಿಂದಿನ ದಿನಾಂಕದಲ್ಲಿ ನಿಂತಿದ್ದರೆ, ಆ ಪತ್ರ ಇನ್ನೂ ಶುರುವೇ ಆಗಿಲ್ಲ ಅಂದುಕೊಂಡು ಬಾಗಿಲು ಹಾಕುತ್ತದೆ. ಕ್ರೋಮ್‌ನಲ್ಲಿ ಆಗ `NET::ERR_CERT_DATE_INVALID` ಅಂತ ಬರುತ್ತದೆ. ದಿನಾಂಕ ಮತ್ತು ಸಮಯವನ್ನು ತಾನಾಗಿಯೇ ಹೊಂದಿಸಿಕೊಳ್ಳುವಂತೆ ಬಿಟ್ಟರೆ ಸಾಕು. ಅಕ್ಕನ ಗಡಿಯಾರ ಸರಿಯಾಗಿತ್ತು. ಫ್ಲೈಟ್ ಮೋಡ್ ಹಾಕಿ, ಇಪ್ಪತ್ತು ಸೆಕೆಂಡ್ ಬಿಟ್ಟು ತೆಗೆದೆವು. ಹಾಗೆ ಮಾಡಿದರೆ ಫೋನ್ ನೆಟ್‌ವರ್ಕಿಗೆ ಹೊಸದಾಗಿ ಸೇರಿಕೊಳ್ಳುತ್ತದೆ, ನಡುವೆ ಸಿಕ್ಕಿಕೊಂಡಿದ್ದ ಸಂಪರ್ಕ ಬಿಡುತ್ತದೆ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ. ನಮಗೆ ಹೋಗಲಿಲ್ಲ.

ಇನ್ನು ಮುಂದಿನದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಪರೀಕ್ಷೆ. ಬ್ರೌಸರಿನ ಮೇಲಿನ ಪಟ್ಟಿಯಲ್ಲಿ ಇದನ್ನು ಹೀಗೇ ಬರೆಯಿರಿ:

```
https://8.8.8.8
```

ಇದು ಗೂಗಲ್‌ನ ಡಿಎನ್‌ಎಸ್ ಸರ್ವರಿನ ನಂಬರ್. ಇಲ್ಲಿ ಹೆಸರು ಇಲ್ಲ, ಬರೀ ನಂಬರ್. ಅಂದರೆ ಹೆಸರನ್ನು ನಂಬರ್ ಮಾಡುವ ಕೆಲಸವನ್ನೇ ನಾವು ದಾಟಿಬಿಟ್ಟೆವು. ಇದಕ್ಕೆ ಉತ್ತರ ಬಂದರೆ ಟವರಿನಾಚೆಗೆ ದಾರಿ ಇದೆ ಅಂತಾಯಿತು. ಆ ಸರ್ವರ್ ನಿಮ್ಮನ್ನು `dns.google` ಅನ್ನುವ ಹೆಸರಿಗೆ ಕಳಿಸುತ್ತದೆ. ಇಲ್ಲಿ ಕಣ್ಣಿಟ್ಟು ನೋಡಬೇಕು. ಅಕ್ಕನ ಫೋನಿನಲ್ಲಿ ಪೇಜ್ ತೆರೆಯಲಿಲ್ಲ. ಆದರೆ ಮೇಲಿನ ಪಟ್ಟಿಯಲ್ಲಿ ನಾವು ಬರೆದ 8.8.8.8 ಹೋಗಿ, `dns.google` ಅಂತ ಬಂದಿತ್ತು. ಅದು ಯಾರು ಬದಲಾಯಿಸಿದ್ದು? ದೂರದ ಆ ಸರ್ವರ್. ಅಂದರೆ ನಮ್ಮ ಮಾತು ಅಲ್ಲಿಗೆ ಹೋಗಿತ್ತು, ಉತ್ತರ ವಾಪಸ್ ಬಂದಿತ್ತು. ಹೆಸರು ಬಂದ ತಕ್ಷಣ ಫೋನ್ ಮತ್ತೆ ನಿಂತುಹೋಯಿತು. ಸಿಮ್ ಸರಿ, ಪ್ಲಾನ್ ಸರಿ, ಟವರ್ ಸರಿ. ಕೈಕೊಟ್ಟಿರುವುದು ಡಿಎನ್‌ಎಸ್ ಒಂದೇ.

ಕ್ರೋಮ್ ಕೂಡ ಇದನ್ನೇ ತನ್ನ ಭಾಷೆಯಲ್ಲಿ ಹೇಳುತ್ತಿತ್ತು. ಖಾಲಿ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ `DNS_PROBE_FINISHED_NO_INTERNET` ಅಂತ ಇತ್ತು. ಆ ಸಾಲನ್ನು ಯಾರೂ ಓದುವುದಿಲ್ಲ, ದಯವಿಟ್ಟು ಓದಿ. ಅದರಲ್ಲಿ `DNS` ಅಥವಾ `NAME_NOT_RESOLVED` ಇದ್ದರೆ ಅನುಮಾನ ಹೆಸರಿನ ಕಡೆ. `TIMED_OUT` ಇದ್ದರೆ ದಾರಿಯ ಕಡೆ, ಅಥವಾ ವೇಗದ ಕಡೆ.

ಡಿಎನ್‌ಎಸ್ ಕೆಟ್ಟಿರುವುದು ಕಂಪನಿಯ ಕಡೆಯೋ, ಫೋನಿನೊಳಗೋ? ಅದಕ್ಕೆ ನನ್ನ ಫೋನಿನ ಹಾಟ್‌ಸ್ಪಾಟ್ ಹಾಕಿ, ಅಕ್ಕನ ಮೊಬೈಲ್ ಡೇಟಾ ಆಫ್ ಮಾಡಿ, ಅವರ ಫೋನನ್ನು ನನ್ನದಕ್ಕೆ ಸೇರಿಸಿದೆವು. ನನ್ನ ಸಿಮ್ ಬೇರೆ ಕಂಪನಿಯದು. ಆಗಲೂ ಪೇಜ್ ಬರಲಿಲ್ಲ. ವೈಫೈ ಪಟ್ಟಿಯಲ್ಲಿ ನನ್ನ ಫೋನಿನ ಹೆಸರಿನ ಕೆಳಗೆ ಮಾತ್ರ ಒಂದು ಸಾಲು ಬಂತು: `Private DNS server cannot be accessed`. ಕಳ್ಳ ಸಿಕ್ಕಿದ.

ಆಂಡ್ರಾಯ್ಡ್ 9ರಿಂದ ಈಚೆಗೆ, ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ `Private DNS` ಅನ್ನುವ ಜಾಗ ಇದೆ. ಅಲ್ಲಿ ಮೂರು ಆಯ್ಕೆ: ಬೇಡ, ತಾನಾಗಿಯೇ, ಇಲ್ಲವೇ ನೀವೇ ಒಂದು ಸರ್ವರಿನ ಹೆಸರು ಬರೆಯುವುದು. ಅಕ್ಕನ ತಂಗಿಯ ಮಗ ನಾಲ್ಕು ತಿಂಗಳ ಹಿಂದೆ, ಜಾಹೀರಾತು ಬರದಿರಲಿ ಅಂತ ಒಂದು ಉಚಿತ ಸೇವೆಯ ಹೆಸರು ಹಾಕಿಕೊಟ್ಟಿದ್ದ. ಒಳ್ಳೆಯದಕ್ಕೇ ಮಾಡಿದ್ದ, ಅಷ್ಟು ದಿನ ಚೆನ್ನಾಗಿಯೇ ನಡೆದಿತ್ತು. ಆ ದಿನ ಆ ಸೇವೆ ನಿಂತಿತ್ತು. ನೀವೇ ಹೆಸರು ಬರೆದಿದ್ದರೆ ಫೋನ್ ಅದನ್ನು ಬಿಟ್ಟು ಬೇರೆಯವರನ್ನು ಕೇಳುವುದಿಲ್ಲ. ಅದು ಸಿಗದಿದ್ದರೆ ಸುಮ್ಮನೆ ನಿಲ್ಲುತ್ತದೆ. `Automatic` ಅಂತ ಇಟ್ಟಿದ್ದರೆ ಮಾತ್ರ ಕಂಪನಿಯ ಮಾಮೂಲಿ ಡಿಎನ್‌ಎಸ್‌ಗೆ ಇಳಿಯುತ್ತದೆ. ನಾವು `Automatic` ಒತ್ತಿ ಸೇವ್ ಮಾಡಿದೆವು. ಆಶ್ಚರ್ಯಸೂಚಕ ಹೋಯಿತು. ಒಂದರ ಹಿಂದೆ ಒಂದು ಮೆಸೇಜ್ ಟಣ್ ಟಣ್ ಅಂತ ಬರತೊಡಗಿದವು.

ಅಂಗಡಿಯವರು ಹೇಳಿದ ಹಾಗೆ ಅಳಿಸಿದ್ದರೂ ಫೋನ್ ಸರಿಹೋಗುತ್ತಿತ್ತು, ಆ ಸೆಟ್ಟಿಂಗೂ ಅಳಿಸಿಹೋಗುತ್ತಿತ್ತಲ್ಲ. ಆದರೆ ಫೋಟೋ ಹೋಗುತ್ತಿತ್ತು, ಕಾರಣ ಯಾರಿಗೂ ತಿಳಿಯುತ್ತಿರಲಿಲ್ಲ, ಹುಡುಗ ಮತ್ತೆ ಬಂದು ಅದನ್ನೇ ಹಾಕುತ್ತಿದ್ದ. ಅದಕ್ಕೇ ನಾನು ಅಳಿಸುವ ಮಾತನ್ನು ಕೊನೆಗೂ ಎತ್ತುವುದಿಲ್ಲ.

ಇನ್ನೊಂದು ಕವಲು ಉಳಿಯಿತು. 8.8.8.8 ಬರೆದಾಗ ಪಟ್ಟಿ ಬದಲಾಗಲೇ ಇಲ್ಲ, ಸುತ್ತಿ ಸುತ್ತಿ ನಿಂತಿತು ಅನ್ನಿ. ಆಗ ತೊಂದರೆ ದಾರಿಯಲ್ಲಿದೆ. ಮೇಲೆ ಕೀಲಿಕೈ ಚಿಹ್ನೆ ಇದ್ದರೆ ವಿಪಿಎನ್, ಅಂದರೆ ಡೇಟಾವನ್ನೆಲ್ಲ ತನ್ನ ಮೂಲಕ ಸುತ್ತಿಸುವ ಆ್ಯಪ್, ನಡೆಯುತ್ತಿದೆ, ಅದನ್ನು ನಿಲ್ಲಿಸಿ ನೋಡಿ. ವಿಪಿಎನ್ ಆ್ಯಪ್ ತೆಗೆದಿದ್ದೇನೆ ಅಂದವರ ಫೋನಿನಲ್ಲೂ ಇನ್ನೊಂದು ಜಾಹೀರಾತು ತಡೆಯುವ ಆ್ಯಪ್ ಅದೇ ಕೆಲಸ ಮಾಡುತ್ತಿರುತ್ತದೆ. ಅದಲ್ಲದಿದ್ದರೆ ಎಪಿಎನ್. ಅದು ಡೇಟಾ ಯಾವ ಬಾಗಿಲಿಂದ ಹೊರಗೆ ಹೋಗಬೇಕು ಅಂತ ಕಂಪನಿಗೆ ಹೇಳುವ ಹೆಸರು. ಜಿಯೋದಲ್ಲಿ `jionet`, ಏರ್‌ಟೆಲ್‌ನಲ್ಲಿ `airtelgprs.com`, ಬಿಎಸ್‌ಎನ್‌ಎಲ್‌ನಲ್ಲಿ `bsnlnet`. ನಂಬರ್ ಉಳಿಸಿಕೊಂಡು ಕಂಪನಿ ಬದಲಾಯಿಸಿದವರಲ್ಲಿ, ಹಿಂದೆ ಕೈಯಾರೆ ಬರೆದ ಎಪಿಎನ್ ಹಾಗೇ ಉಳಿದಿರಬಹುದು. ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಎಪಿಎನ್ ಪುಟ ತೆರೆದು, ಮೂಲೆಯ ಮೂರು ಚುಕ್ಕಿ ಒತ್ತಿ `Reset to default` ಕೊಡಿ. ಇದರಿಂದ ಫೋಟೋ, ಕಾಂಟ್ಯಾಕ್ಟ್ ಯಾವುದೂ ಹೋಗುವುದಿಲ್ಲ.

ಆಗಲೂ ಬರದಿದ್ದರೆ ನಿಮ್ಮ ಸಿಮ್ ತೆಗೆದು ಇನ್ನೊಂದು ಫೋನಿಗೆ ಹಾಕಿ, ಬೇರೆ ಸಿಮ್ ಒಂದನ್ನು ನಿಮ್ಮ ಫೋನಿಗೆ ಹಾಕಿ ನೋಡಿ. ನಿಮ್ಮ ಸಿಮ್ ಅಲ್ಲೂ ಹಾಗೇ ಮಾಡಿ, ಬೇರೆ ಸಿಮ್ ನಿಮ್ಮ ಫೋನಿನಲ್ಲಿ ನಡೆದರೆ ತೊಂದರೆ ಸಿಮ್‌ನದು ಅಥವಾ ಕಂಪನಿಯದು, ಇನ್ನು ನಿಮ್ಮ ಕೈಯಲ್ಲಿ ಏನೂ ಇಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದಾಗ "ನೆಟ್ ಬರ್ತಿಲ್ಲ" ಅನ್ನಬೇಡಿ. "ಸಿಗ್ನಲ್ ಇದೆ, ಡೇಟಾ ಉಳಿದಿದೆ, ಎಪಿಎನ್ ರೀಸೆಟ್ ಮಾಡಿದ್ದೇನೆ, ಇದೇ ಸಿಮ್ ಬೇರೆ ಫೋನಿನಲ್ಲೂ ಬರ್ತಿಲ್ಲ, ಬೇರೆ ಸಿಮ್ ನನ್ನ ಫೋನಿನಲ್ಲಿ ಬರ್ತಿದೆ" ಅಂತ ಹೇಳಿ, ದೂರಿನ ನಂಬರ್ ಬರೆದುಕೊಳ್ಳಿ. ಫೋನ್ ಆಫ್ ಮಾಡಿ ಆನ್ ಮಾಡಿ ಅನ್ನುವ ಮಾತಿಗೆ ಅಲ್ಲಿ ಜಾಗವೇ ಇರುವುದಿಲ್ಲ.

ಇಲ್ಲಿ ಯಾರ ಫೋನಿನಲ್ಲಾದರೂ ಈಗಲೇ ಈ ತೊಂದರೆ ಇದ್ದರೆ ಮುಂದೆ ಬನ್ನಿ. ವೈಫೈ ಆಫ್ ಮಾಡಿಕೊಂಡೇ ಬನ್ನಿ, ಒಟ್ಟಿಗೆ ನೋಡೋಣ.