ಅಜ್ಜಿಯ ಕೂದಲು ಎಲ್ಲಿ ಹೋಯ್ತು?

ನಮಸ್ಕಾರ. ನಾನು ವಾಟ್ಸ್‌ಆ್ಯಪ್‌ಗೆ ಒಂದು ಸ್ಟಿಕ್ಕರ್ ಮಾಡಿದ್ದೆ. ಕೆಂಪು ಸೀರೆ ಉಟ್ಟ ಅಜ್ಜಿ, ಕೆನ್ನೆ ಮೇಲೆ ಕೈ ಇಟ್ಕೊಂಡು 'ಅಯ್ಯೋ ರಾಮ' ಅಂತ ತಲೆ ಆಡಿಸ್ತಾರೆ. ನನ್ನ ಫೋನಿನ ತಿಳಿ ಹಳದಿ ವಾಲ್‌ಪೇಪರ್ ಮೇಲೆ ಚೆಂದ ಕಾಣ್ತಿತ್ತು. ಮನೆಯವರ ಗ್ರೂಪಿಗೆ ಹಾಕ್ದೆ. ತಂಗಿ ಕೇಳಿದ್ಲು, "ಅಕ್ಕ, ಅಜ್ಜಿಗೆ ಕೂದಲೇ ಇಲ್ವಲ್ಲ?" ಅವಳ ಫೋನಲ್ಲಿ ಬಿಳಿ ವಾಲ್‌ಪೇಪರ್ ಇತ್ತು. ಡಾರ್ಕ್ ಮೋಡ್ ಇಟ್ಕೊಂಡಿರೋ ಚಿಕ್ಕಪ್ಪನ ಮಗ ಇನ್ನೊಂದು ಹೇಳ್ದ: ಸೀರೆ ಸುತ್ತ ಸುಣ್ಣದ ಪುಡಿ ಮೆತ್ತಿದ ಹಾಗಿದೆ ಅಂತ.

ಸ್ಟಿಕ್ಕರ್‌ನ ಹಿನ್ನೆಲೆ ತೆಗೆದ ಮೇಲೆ ಆ ಜಾಗಕ್ಕೆ ಏನು ಬರತ್ತೆ ಅನ್ನೋದು ನೋಡುವವರ ಫೋನಿಗೆ ಬಿಟ್ಟಿದ್ದು. ಬಿಳಿ, ಕಪ್ಪು, ಮಗುವಿನ ಫೋಟೊ, ಏನು ಬೇಕಾದ್ರೂ ಇರಬಹುದು. ಕನ್ನಡದಲ್ಲಿ ಓಡಾಡೋ ಎಷ್ಟೋ ಆನಿಮೇಟೆಡ್ ಸ್ಟಿಕ್ಕರ್‌ಗಳು ಕೆಡೋದು ಇಲ್ಲೇ ಅಂತ ನನ್ನ ಅಭಿಪ್ರಾಯ. ಭಾವ ಚೆನ್ನಾಗಿರತ್ತೆ, ಮಾತು ಚೆನ್ನಾಗಿರತ್ತೆ, ಅಂಚನ್ನು ಮಾತ್ರ ಯಾರೂ ನೋಡಿರಲ್ಲ.

ಸುಣ್ಣದ ಪುಡಿ ಎಲ್ಲಿಂದ ಬಂತು? ನಾನು ಬಿಳಿ ಹಾಳೆ ಮೇಲೆ ಬರೆದು, ಸ್ಕ್ಯಾನ್ ಮಾಡಿ, ಆಮೇಲೆ ಅಜ್ಜಿಯ ಸುತ್ತಲಿನ ಬಿಳಿ ಬಣ್ಣ ಅಳಿಸಿದ್ದೆ. ಗೆರೆ ನಯವಾಗಿ ಕಾಣಬೇಕು ಅಂದ್ರೆ ಅಂಚಿನ ಪಿಕ್ಸೆಲ್‌ಗಳಲ್ಲಿ ಅರ್ಧ ಸೀರೆ, ಅರ್ಧ ಹಾಳೆ ಬೆರೆತಿರತ್ತೆ. ಅಲ್ಲಿ ಕೆಂಪು ಹೋಗಿ ಗುಲಾಬಿ ಆಗಿರತ್ತೆ. ಹಾಳೆ ಅಳಿಸಿದ್ರೂ ಆ ಗುಲಾಬಿ ಉಳಿಯತ್ತೆ. ಕಪ್ಪಿನ ಮೇಲೆ ಬಿದ್ದಾಗ ಹೊಳೆಯತ್ತೆ. ಬರೆದ ಮೇಲೆ ಅಳಿಸಿ ಇದನ್ನ ಪೂರ್ತಿ ಸರಿ ಮಾಡೋದು ಕಷ್ಟ. ನಾನು ಗೆರೆಯನ್ನ ಖಾಲಿ ಲೇಯರ್ ಮೇಲೆ ಮತ್ತೆ ಎಳೆದೆ. ಆಗ ಅಂಚಿನ ಪಿಕ್ಸೆಲ್ ಕೆಂಪಾಗೇ ಇದ್ದು, ಬರೀ ಅರ್ಧ ಪಾರದರ್ಶಕ ಆಗತ್ತೆ. ಜಿಫ್‌ನಲ್ಲಿ ಈ 'ಅರ್ಧ' ಅನ್ನೋದೇ ಇಲ್ಲ, ಪಿಕ್ಸೆಲ್ ಇದ್ರೆ ಪೂರ್ತಿ ಇರತ್ತೆ, ಇಲ್ದಿದ್ರೆ ಇಲ್ಲ. ಅದಕ್ಕೇ ಜಿಫ್‌ನಿಂದ ಬದಲಾಯಿಸಿ ಮಾಡಿದ ಸ್ಟಿಕ್ಕರ್‌ಗಳ ಅಂಚು ಗರಗಸದ ಹಲ್ಲಿನ ಹಾಗೆ ಕಾಣೋದು.

ಇನ್ನು ಕೂದಲು. ಸ್ಟಿಕ್ಕರ್ ಸುತ್ತ 8 ಪಿಕ್ಸೆಲ್ ಬಿಳಿ ಪಟ್ಟಿ ಹಾಕಿ ಅಂತ ವಾಟ್ಸ್‌ಆ್ಯಪ್ ಸಲಹೆ ಕೊಡತ್ತೆ. ಒಳ್ಳೇ ಸಲಹೆ, ಕಪ್ಪು ಕೂದಲು ಡಾರ್ಕ್ ಮೋಡಲ್ಲಿ ಕರಗಿಹೋಗಲ್ಲ. ಆದ್ರೆ ಅಜ್ಜಿಯ ಕೂದಲೇ ಬಿಳಿ. ಆ ಪಟ್ಟಿ ಹಾಕಿದ್ರೂ ಬಿಳಿ ಕೂದಲು, ಬಿಳಿ ಪಟ್ಟಿ, ತಂಗಿಯ ಬಿಳಿ ವಾಲ್‌ಪೇಪರ್, ಮೂರೂ ಒಂದಾಗಿಬಿಡತ್ತೆ. ಪಟ್ಟಿಯ ಒಳಗೆ, ಕೂದಲಿನ ಸುತ್ತ ತೆಳ್ಳಗೆ ಒಂದು ಕಂದು ಗೆರೆ ಎಳೆದೆ. ತುರುಬು ಎದ್ದು ನಿಂತ್ಕೊಳ್ತು. ಈಗ ಯಾವ ಸ್ಟಿಕ್ಕರ್ ಮಾಡಿದ್ರೂ ಅಚ್ಚ ಬಿಳಿ, ಅಚ್ಚ ಕಪ್ಪು, ಒಂದು ಗಜಿಬಿಜಿ ಫೋಟೊ, ಈ ಮೂರರ ಮೇಲೂ ಇಟ್ಟು, ಹೆಬ್ಬೆರಳ ಉಗುರಿನಷ್ಟು ಚಿಕ್ಕದು ಮಾಡಿ ನೋಡ್ತೀನಿ.

ಚಲನೆಯಲ್ಲೂ ಒಂದು ತಪ್ಪು ಮಾಡಿದ್ದೆ. ಕೈ ಕೆಳಗಿರೋ ಭಂಗಿಯಿಂದ ಶುರು ಮಾಡಿ, ಅದಕ್ಕೇ ಬಂದು ಮುಗಿಸಿದ್ದೆ. 18 ಫ್ರೇಮು, ಒಂದೊಂದಕ್ಕೆ 80 ಮಿಲಿಸೆಕೆಂಡ್. ಮೊದಲನೇದು, ಕೊನೇದು ಎರಡೂ ಒಂದೇ ಚಿತ್ರ ಆದ್ದರಿಂದ ಪ್ರತಿ ಸುತ್ತಿನ ಸಂದಿಯಲ್ಲಿ ಆ ಚಿತ್ರ ಎರಡು ಪಟ್ಟು ಹೊತ್ತು ನಿಲ್ತಿತ್ತು, ಅಜ್ಜಿ ಮುಗ್ಗರಿಸಿದ ಹಾಗೆ. ಕೊನೇ ಫ್ರೇಮ್ ತೆಗೆದ ಕೂಡಲೇ ಸರಿಹೋಯ್ತು. ಜೊತೆಗೆ ಕೆನ್ನೆ ಮೇಲೆ ಕೈ ಬಂದಿರೋ ಭಂಗಿಯನ್ನೇ ಮೊದಲ ಫ್ರೇಮ್ ಮಾಡಿದೆ. ಚಲನೆ ನಿಂತು ಚಿತ್ರ ಮಾತ್ರ ಕಂಡರೂ ಅದು 'ಅಯ್ಯೋ' ಅನ್ನಬೇಕು ನೋಡಿ. ಕೈ ಕೆಳಗಿದ್ರೆ ಬಸ್ಸಿಗೆ ಕಾಯ್ತಿರೋ ಅಜ್ಜಿ ಅಷ್ಟೆ.

ಫೈಲಿನ ಗಾತ್ರಕ್ಕೂ ಮಿತಿ ಇದೆ. 512 ಪಿಕ್ಸೆಲ್ ಚೌಕ, 500 ಕೆಬಿ ಒಳಗೆ. ಬಹಳ ಜನ ಇಲ್ಲಿ ಸಿಕ್ಕಿಹಾಕ್ಕೊಂಡು ಗುಣಮಟ್ಟ ಇಳಿಸ್ತಾ ಹೋಗ್ತಾರೆ, ಮುಖ ಮಸಕಾಗತ್ತೆ. ಅದಕ್ಕಿಂತ ಮೊದಲು ಅಲುಗಾಟ ಕಡಿಮೆ ಮಾಡಿ. ಸ್ಟಿಕ್ಕರ್ ಇರೋದು ವೆಬ್‌ಪಿ ಅನ್ನೋ ಬಗೆಯ ಫೈಲಲ್ಲಿ, ಅದು ಹಿಂದಿನ ಫ್ರೇಮಿಗಿಂತ ಬದಲಾದ ಭಾಗವನ್ನಷ್ಟೇ ಇಟ್ಕೊಳ್ಳಬಲ್ಲದು. ಅಜ್ಜಿಯ ಸೀರೆ, ಭುಜ ಒಂದು ಪಿಕ್ಸೆಲ್ಲೂ ಕದಲದೆ ಇದ್ದು ತಲೆ ಮತ್ತು ಕೈ ಮಾತ್ರ ಆಡಿದ್ರೆ ಉಳಿತಾಯ ದೊಡ್ಡದು. ಮೈಯೆಲ್ಲ ಸಣ್ಣಗೆ ತೂಗಾಡಿಸಿದ್ರೆ ಪ್ರತಿ ಫ್ರೇಮೂ ಹೊಸ ಚಿತ್ರವೇ. ಒಂದೊಂದು ಫ್ರೇಮಿನ ಪಿಎನ್‌ಜಿ ಚಿತ್ರಗಳನ್ನ ನಾನು img2webp ಅನ್ನೋ ಕಮಾಂಡಿನಿಂದ ಒಂದೇ ಫೈಲಾಗಿ ಜೋಡಿಸೋದು ಹೀಗೆ:

```
img2webp -loop 0 -lossy -q 75 -d 80 ajji*.png -o ajji.webp
```

ಫೈಲುಗಳಿಗೆ `ajji01`, `ajji02` ಅಂತ ಸೊನ್ನೆ ಸೇರಿಸಿ ಹೆಸರಿಡಿ, ಇಲ್ದಿದ್ರೆ 10ನೇ ಫ್ರೇಮು 2ಕ್ಕಿಂತ ಮುಂಚೆ ಬಂದು ಅಜ್ಜಿಯ ಕೈ ಗಾಳಿಯಲ್ಲಿ ಹಾರಾಡತ್ತೆ.

ಹೊಸ ಸ್ಟಿಕ್ಕರನ್ನ ಅದೇ ಗ್ರೂಪಿಗೆ ಹಾಕಿದೆ. ತಂಗಿ ಏನೂ ಬರೀಲಿಲ್ಲ. ಸಂಜೆ ನಾನು ಹಾಲು ಉಕ್ಕಿಸಿಬಿಟ್ಟೆ ಅಂತ ಹೇಳಿದಾಗ, ಅವಳಿಂದ ಉತ್ತರವಾಗಿ ಬಂದಿದ್ದು ಆ ಅಜ್ಜಿ.