ಒಂದು ಹೆಜ್ಜೆಗೆ ಒಂದೇ ಲೆಕ್ಕ

ಕೇಳುಗರಿಗೆಲ್ಲ ನಮಸ್ಕಾರ. ಗಣಿತ ಓದುತ್ತಿರುವವರು, ಸಣ್ಣಪುಟ್ಟ ಪ್ರೋಗ್ರಾಂ ಬರೆಯುವವರು ಕೇಳುತ್ತಿದ್ದೀರಿ ಎಂದುಕೊಂಡು ಮಾತಾಡುತ್ತೇನೆ. ಹತ್ತಿರದಲ್ಲಿ ಕಾಗದ, ಪೆನ್ನು ಇದ್ದರೆ ತೆಗೆದುಕೊಳ್ಳಿ. ಒಂದು ಗೆರೆ ಎಳೆಯಿರಿ. ಎಡ ತುದಿಗೆ 0, ಬಲ ತುದಿಗೆ 100 ಎಂದು ಬರೆಯಿರಿ.

ಈ ಗೆರೆ ಒಂದು ವಾಲ್ವ್ ಎಷ್ಟು ತೆರೆದಿದೆ ಅನ್ನುವುದರ ಅಳತೆ. 0 ಅಂದರೆ ಪೂರ್ತಿ ಮುಚ್ಚಿದೆ, 100 ಅಂದರೆ ಪೂರ್ತಿ ತೆರೆದಿದೆ. ತೆರೆಯುತ್ತಾ ಹೋದಂತೆ ಇಂಧನದ ಖರ್ಚು ಇಳಿಯುತ್ತದೆ, ಎಲ್ಲೋ ಒಂದು ಕಡೆ ತಳ ಮುಟ್ಟುತ್ತದೆ, ಮತ್ತೆ ಏರುತ್ತದೆ. ಒಂದೇ ತಗ್ಗು. ಆ ತಳ ಎಲ್ಲಿದೆ? ನಮ್ಮ ಹತ್ತಿರ ಸೂತ್ರ ಇಲ್ಲ. ಒಂದು ಸಂಖ್ಯೆ ಕೊಟ್ಟರೆ ಕಂಪ್ಯೂಟರ್ ಅದರ ಖರ್ಚನ್ನು ಲೆಕ್ಕ ಹಾಕಿ ಹೇಳುತ್ತದೆ, ಅಷ್ಟೇ. ಒಂದು ಲೆಕ್ಕಕ್ಕೆ 40 ನಿಮಿಷ ಹಿಡಿಯುತ್ತದೆ. ಈ 40 ನಿಮಿಷವನ್ನು ನೆನಪಿಡಿ.

ಗೆರೆಯ ಒಳಗೆ ಎರಡು ಬಿಂದು ಇಟ್ಟು, ಎರಡರ ಖರ್ಚನ್ನೂ ಲೆಕ್ಕ ಹಾಕೋಣ. ಎಡಗಡೆಯದು ಕಡಿಮೆ ಬಂತು ಅನ್ನಿ. ಆಗ ತಳ ಬಲ ಬಿಂದುವಿನ ಆಚೆ ಇರಲು ಸಾಧ್ಯವೇ ಇಲ್ಲ. ಇದ್ದಿದ್ದರೆ ನಾವು ಎಡದಿಂದ ಬಲಕ್ಕೆ ಇನ್ನೂ ಇಳಿಯುತ್ತಲೇ ಇರಬೇಕಿತ್ತು, ಬಲ ಬಿಂದುವೇ ಕಡಿಮೆ ಬರಬೇಕಿತ್ತು, ಅಲ್ವಾ? ಹಾಗಾಗಿ ಬಲ ಬಿಂದುವಿನ ಆಚೆಯ ತುಂಡನ್ನು ಬಿಟ್ಟುಬಿಡಬಹುದು. ಬಲಗಡೆಯದು ಕಡಿಮೆ ಬಂದರೆ ಎಡ ತುಂಡನ್ನು ಬಿಡಬೇಕು. ಉಳಿದ ತುಂಡಿನಲ್ಲಿ ಮತ್ತೆ ಇದೇ ಆಟ.

ಆ ಎರಡು ಬಿಂದು ಎಲ್ಲಿರಬೇಕು? ಎಲ್ಲರೂ ಮೊದಲು ಹೇಳುವುದು ಮೂರು ಸಮಪಾಲು ಮಾಡೋಣ ಅಂತ. 33.3 ಮತ್ತು 66.7. ಎಡದ್ದು ಕಡಿಮೆ, ಬಲ ತುಂಡು ಹೋಯಿತು, 0ಯಿಂದ 66.7 ಉಳಿಯಿತು. ಇದನ್ನು ಮತ್ತೆ ಮೂರು ಪಾಲು ಮಾಡಿದರೆ ಹೊಸ ಬಿಂದುಗಳು 22.2 ಮತ್ತು 44.4. ಹಳೆಯ 33.3 ಏನಾಯಿತು? ನಟ್ಟನಡುವೆ ಕೂತಿದೆ, ಯಾವ ಹೊಸ ಜಾಗಕ್ಕೂ ಹೊಂದುವುದಿಲ್ಲ. 40 ನಿಮಿಷ ಕೊಟ್ಟು ಪಡೆದ ಉತ್ತರವನ್ನು ಎಸೆಯಬೇಕು. ಪ್ರತಿ ಹೆಜ್ಜೆಗೂ ಎರಡೆರಡು ಹೊಸ ಲೆಕ್ಕ.

ಈಗ ಬಿಂದುಗಳನ್ನು 38.2 ಮತ್ತು 61.8ರಲ್ಲಿ ಇಡಿ. ಎಡದ್ದು ಕಡಿಮೆ. 0ಯಿಂದ 61.8 ಉಳಿಯಿತು. ಅದರಲ್ಲೂ ಅದೇ ಪ್ರಮಾಣದಲ್ಲಿ ಬಿಂದು ಇಟ್ಟರೆ 23.6 ಮತ್ತು 38.2 ಬರುತ್ತದೆ. ನೋಡಿದಿರಾ? 38.2 ಆಗಲೇ ನಮ್ಮ ಕೈಯಲ್ಲಿದೆ! ಹೊಸದಾಗಿ ಲೆಕ್ಕ ಹಾಕಬೇಕಾದ್ದು 23.6 ಒಂದೇ.

ಇದು ಕಾಕತಾಳೀಯ ಅಲ್ಲ. ಗೆರೆಯ ಉದ್ದ 1 ಆಗಿದ್ದು ಬಲ ಬಿಂದು r ನಲ್ಲಿದ್ದರೆ, ಎಡದ್ದು 1 − r ನಲ್ಲಿರುತ್ತದೆ. ಉಳಿಯುವ ತುಂಡಿನ ಉದ್ದ r. ಅದರ ಬಲ ಬಿಂದು ಇರಬೇಕಾದ ಜಾಗ r ಗುಣಿಸು r. ಹಳೆಯ ಎಡ ಬಿಂದು ಅಲ್ಲೇ ಕೂರಬೇಕಾದರೆ r² = 1 − r ಆಗಬೇಕು. ಬಿಡಿಸಿದರೆ 5ರ ವರ್ಗಮೂಲದಲ್ಲಿ 1 ಕಳೆದು 2ರಿಂದ ಭಾಗಿಸಿದ್ದು, ಅಂದರೆ 0.618. 1ನ್ನು ಸುವರ್ಣ ಅನುಪಾತ 1.618ರಿಂದ ಭಾಗಿಸಿದರೆ ಬರುವುದು ಇದೇ. ಈ ಹುಡುಕಾಟದ ವಿಧಾನವನ್ನು 1953ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜ್ಯಾಕ್ ಕೀಫರ್ ಪ್ರಕಟಿಸಿದರು. ಚಿತ್ರಕಲೆಯಲ್ಲಿ, ಶಂಖದಲ್ಲಿ ಈ ಅನುಪಾತ ಇದೆಯಂತೆ ಎಂದು ಜನ ಕೇಳುತ್ತಿರುತ್ತಾರೆ. ಅದೆಲ್ಲ ಇಲ್ಲಿ ಬೇಡ. ಹಳೆಯ ಬಿಂದು ಹೊಸ ಜಾಗಕ್ಕೆ ಸರಿಯಾಗಿ ಹೊಂದುತ್ತದೆ, ನಮಗೆ ಬೇಕಾದ್ದು ಅಷ್ಟೇ.

ಇನ್ನು ನಾನೇ ಕಂಡ ಒಂದು ಘಟನೆ ಹೇಳುತ್ತೇನೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗಿ ಇದೇ ವಾಲ್ವ್ ಲೆಕ್ಕಕ್ಕೆ ಪ್ರೋಗ್ರಾಂ ಬರೆದಿದ್ದಳು. ಉತ್ತರ 44ರ ಸುತ್ತ ಬರುತ್ತಿತ್ತು, ಸರಿಯಾಗಿಯೇ ಇತ್ತು. ಆದರೆ ಸಂಜೆ ಶುರು ಮಾಡಿದ ಲೆಕ್ಕ ಬೆಳಗಾದರೂ ಮುಗಿದಿರುತ್ತಿರಲಿಲ್ಲ. "ಸರ್, ಸುವರ್ಣ ಅನುಪಾತವನ್ನೇ ಹಾಕಿದ್ದೇನೆ, ಆದರೂ ಯಾಕೆ ನಿಧಾನ?" ಎಂದು ಕೇಳಿದಳು. ಲೆಕ್ಕ ಮುಗಿಯುವ ಜಾಗದಲ್ಲಿ, ಬಂದ ಸಂಖ್ಯೆಯನ್ನೂ ಅದರ ಖರ್ಚನ್ನೂ ಪ್ರಿಂಟ್ ಮಾಡುವ ಒಂದು ಸಾಲು ಸೇರಿಸಮ್ಮ ಅಂದೆ. ಮರುದಿನ ಹಾಳೆ ತಂದಳು. ಮೊದಲ ಹೆಜ್ಜೆಯಲ್ಲಿ 38.2, 61.8. ಎರಡನೆಯದರಲ್ಲಿ 23.6, 38.2. ಮೂರನೆಯದರಲ್ಲಿ 38.2, 47.2. ನಾಲ್ಕನೆಯದರಲ್ಲಿ 47.2, 52.8. ಐದನೆಯದರಲ್ಲಿ 43.8, 47.2.

ಎಣಿಸಿ ನೋಡಿ. ಹತ್ತು ಲೆಕ್ಕ ಆಗಿದೆ, ಅದರಲ್ಲಿ ಬೇರೆ ಬೇರೆ ಸಂಖ್ಯೆ ಆರೇ. 38.2 ಮೂರು ಸಲ, 47.2 ಮೂರು ಸಲ. ಬಿಂದುಗಳನ್ನು ಸರಿಯಾದ ಜಾಗದಲ್ಲೇ ಇಟ್ಟಿದ್ದಳು, ಆದರೆ ಹಳೆಯ ಉತ್ತರವನ್ನು ಇಟ್ಟುಕೊಂಡಿರಲಿಲ್ಲ! ನಾಲ್ಕು ಲೆಕ್ಕ, 160 ನಿಮಿಷ ಸುಮ್ನೆ ಹೋಯಿತು. ಹಾಗೆ ಮಾಡಿದರೆ ಸುವರ್ಣ ಅನುಪಾತದ ಮುಖ್ಯ ಪ್ರಯೋಜನವೇ ಸಿಗುವುದಿಲ್ಲ.

ಅವಳು ತಿದ್ದಿದಳು. ಈ ಸಲ ಬೇಗ ಮುಗಿಯಿತು, ಆದರೆ ಉತ್ತರ 38.2 ಎಂದು ಬಂತು. ತಪ್ಪು ಎಂದು ಗೊತ್ತಾದದ್ದು ಹಳೆಯ ಹಾಳೆಯಿಂದಲೇ. 47.2ರ ಖರ್ಚು 38.2ರದ್ದಕ್ಕಿಂತ ಕಡಿಮೆ ಇದ್ದದ್ದು ಅದರಲ್ಲಿತ್ತು. ಆಗಿದ್ದು ಇಷ್ಟು. ಎಡ ತುಂಡನ್ನು ಉಳಿಸಿಕೊಳ್ಳುವಾಗ ಮೊದಲು ಬಲ ತುದಿಯನ್ನು ಬಲ ಬಿಂದುವಿಗೆ ತರಬೇಕು. ಆಮೇಲೆ ಎಡ ಬಿಂದುವಿನ ಜಾಗವನ್ನೂ ಅದರ ಉತ್ತರವನ್ನೂ ಬಲ ಬಿಂದುವಿನ ಹೆಸರಿಗೆ ಕೊಡಬೇಕು. ಇವಳು ಮೊದಲು ಎರಡನೆಯದನ್ನು ಮಾಡಿದ್ದಳು. ಆಗ ಬಲ ಬಿಂದು 38.2 ಆಯಿತು, ಬಲ ತುದಿಯೂ 61.8ರ ಬದಲು 38.2ಕ್ಕೆ ಬಂತು. 44 ಇದ್ದ ತುಂಡೇ ಹೊರಗೆ ಹೋಯಿತು. ಎರಡು ಸಾಲು ಅದಲು ಬದಲು, ಅಷ್ಟೇ. ಎಡ ತುದಿ, ಎಡ ಬಿಂದು, ಬಲ ಬಿಂದು, ಬಲ ತುದಿ, ಇವು ಯಾವಾಗಲೂ ಇದೇ ಕ್ರಮದಲ್ಲಿ ಏರುತ್ತಾ ಇವೆಯೇ ಎಂದು ಪ್ರತಿ ಹೆಜ್ಜೆಗೂ ಪರೀಕ್ಷಿಸಿದ್ದರೆ ಎರಡನೆಯ ಹೆಜ್ಜೆಯಲ್ಲೇ ಸಿಕ್ಕಿಬೀಳುತ್ತಿತ್ತು.

ಸರಿಪಡಿಸಿದ ಮೇಲೆ ಲೆಕ್ಕ ನೋಡಿ. 100 ಉದ್ದದ ಗೆರೆ 1ಕ್ಕಿಂತ ಚಿಕ್ಕದಾಗಲು 10 ಹೆಜ್ಜೆ ಬೇಕು. ಮೊದಲ ಹೆಜ್ಜೆಗೆ ಎರಡು ಲೆಕ್ಕ, ಆಮೇಲೆ ಒಂದೊಂದೇ, ಒಟ್ಟು 11. ಅಂದರೆ 7 ಗಂಟೆ 20 ನಿಮಿಷ. ಅವಳ ಮೊದಲ ಪ್ರೋಗ್ರಾಂಗೆ 20 ಲೆಕ್ಕ, 13 ಗಂಟೆ 20 ನಿಮಿಷ. ಮೂರು ಸಮಪಾಲು ಮಾಡಿದ್ದರೆ 12 ಹೆಜ್ಜೆ, 24 ಲೆಕ್ಕ, 16 ಗಂಟೆ.

ಸಮಯ ಮುಗಿಯುತ್ತಾ ಬಂತು, ಉಳಿದ ಎರಡು ಮಾತು ಬೇಗ ಹೇಳುತ್ತೇನೆ. ಒಂದೇ ತಗ್ಗು ಇದ್ದರೆ ಮಾತ್ರ ಇದು ನಡೆಯುತ್ತದೆ. ಎರಡು ತಗ್ಗು ಇದ್ದರೆ ಒಂದರಲ್ಲಿ ಇಳಿದುಬಿಡುತ್ತದೆ, ಅದೇ ಆಳವಾದದ್ದು ಅನ್ನುವ ಖಾತ್ರಿ ಇಲ್ಲ. ಪ್ರಿಂಟ್ ಆದ ಉತ್ತರಗಳನ್ನು ಎಡದಿಂದ ಬಲಕ್ಕೆ ಜೋಡಿಸಿ. ಇಳಿದು, ಏರಿ, ಮತ್ತೆ ಇಳಿದರೆ ತಗ್ಗು ಒಂದೇ ಅಲ್ಲ. ಇನ್ನೊಂದು, 0.618 ಎಂದು ಮೂರೇ ಅಂಕಿ ಬರೆಯಬೇಡಿ, ವರ್ಗಮೂಲದಿಂದಲೇ ಲೆಕ್ಕ ಹಾಕಿಸಿ. ಇಲ್ಲದಿದ್ದರೆ ಇಟ್ಟುಕೊಂಡ ಹಳೆಯ ಬಿಂದು ಹೆಜ್ಜೆ ಹೆಜ್ಜೆಗೂ ತನ್ನ ಜಾಗದಿಂದ ಸ್ವಲ್ಪ ಸ್ವಲ್ಪ ಸರಿಯುತ್ತಾ ಹೋಗುತ್ತದೆ. ನಮಸ್ಕಾರ.