ಮರದಲ್ಲಿ n − 1 ಅಂಚು: ಸಾಧನೆಯಿಂದ ಎಣಿಕೆಗೆ

ಎಲ್ಲರಿಗೂ ನಮಸ್ಕಾರ.

ಬೋರ್ಡಿನ ಮೇಲೆ ಒಂದು ಚೌಕವಿದೆ. ಮೂಲೆಗಳಿಗೆ ಸುತ್ತಲೂ ಕ್ರಮವಾಗಿ 1, 2, 3, 4 ಎಂದು ಹೆಸರು. 1ರಿಂದ 3ಕ್ಕೆ ಒಂದು ಕರ್ಣವನ್ನೂ ಎಳೆದಿದ್ದೇನೆ. ಒಟ್ಟು ನಾಲ್ಕು ಶೃಂಗ, ಐದು ಅಂಚು. ನಾಲ್ಕೂ ಶೃಂಗಗಳು ಒಂದಕ್ಕೊಂದು ಸೇರಿರಬೇಕು, ಆದರೆ ಎಲ್ಲೂ ಸುತ್ತು ಉಂಟಾಗಬಾರದು. ಹಾಗೆ ಅಂಚುಗಳನ್ನು ಆರಿಸಿಕೊಂಡರೆ ಸಿಗುವುದೇ ಸ್ಪ್ಯಾನಿಂಗ್ ಟ್ರೀ. ಅಂಥವು ಎಷ್ಟಿವೆ?

ಎಣಿಸುವ ಮೊದಲು ಒಂದೊಂದರಲ್ಲೂ ಎಷ್ಟು ಅಂಚು ಇರುತ್ತವೆ ಎಂದು ಗೊತ್ತಾಗಬೇಕು. ಹೀಗೆ ಪೂರ್ತಿ ಸೇರಿದ್ದು ಎಲ್ಲೂ ಸುತ್ತಿಲ್ಲದ ಗ್ರಾಫಿಗೆ ಮರ ಅನ್ನುತ್ತೇವೆ. n ಶೃಂಗಗಳಿರುವ ಯಾವ ಮರದಲ್ಲೇ ಆಗಲಿ, ಅಂಚುಗಳು ಸರಿಯಾಗಿ n − 1. ಇದನ್ನು ಸಾಧಿಸೋಣ.

ಒಂದೇ ಅಂಚು ತಾಗಿರುವ ಶೃಂಗಕ್ಕೆ ಎಲೆ ಅನ್ನುತ್ತೇವೆ. ಕನಿಷ್ಠ ಎರಡು ಶೃಂಗಗಳಿರುವ ಮರದಲ್ಲಿ ಎರಡು ಎಲೆಯಾದರೂ ಇದ್ದೇ ಇರುತ್ತವೆ. ಮರದೊಳಗಿನ ಅತ್ಯಂತ ಉದ್ದದ ದಾರಿಯನ್ನು ತೆಗೆದುಕೊಳ್ಳಿ. ಅದರ ಒಂದು ತುದಿ v ಇರಲಿ. ಈ ದಾರಿಯಲ್ಲಿಲ್ಲದ ಇನ್ನೊಂದು ಅಂಚು vಗೆ ತಾಗಿದ್ದರೆ ಅದು ಎಲ್ಲಿಗೆ ಹೋಗುತ್ತದೆ? ದಾರಿಯ ಮೇಲಿನ ಶೃಂಗಕ್ಕೇ ಹೋದರೆ ಸುತ್ತು ಬರುತ್ತದೆ, ಹೊರಗಿನ ಶೃಂಗಕ್ಕೆ ಹೋದರೆ ದಾರಿ ಇನ್ನೂ ಉದ್ದವಾಗುತ್ತದೆ. ಎರಡೂ ಆಗದ ಮಾತು. ಹಾಗಾಗಿ ದಾರಿಯ ಎರಡೂ ತುದಿಗಳು ಎಲೆಗಳು. ಶೃಂಗಗಳು ಅನಂತವಾಗಿದ್ದರೆ ಈ ವಾದ ಕುಸಿಯುತ್ತದೆ, ಏಕೆಂದರೆ ಅಲ್ಲಿ ಅತ್ಯಂತ ಉದ್ದದ ದಾರಿ ಇರಲೇಬೇಕೆಂದಿಲ್ಲ.

ಈಗ ಅನುಗಮನ. n = 1 ಆದರೆ ಅಂಚು ಸೊನ್ನೆ. n ದೊಡ್ಡದಿದ್ದರೆ ಒಂದು ಎಲೆಯನ್ನು ಅದರ ಅಂಚಿನ ಸಮೇತ ತೆಗೆದುಬಿಡಿ. ತೆಗೆಯುವುದರಿಂದ ಹೊಸ ಸುತ್ತು ಹುಟ್ಟುವುದಿಲ್ಲ. ಉಳಿದದ್ದು ಎರಡು ತುಂಡಾಗುವುದೂ ಇಲ್ಲ: ಒಂದು ದಾರಿ ಯಾವುದಾದರೂ ಶೃಂಗವನ್ನು ಹಾದುಹೋಗಬೇಕಾದರೆ ಒಳಬರಲು ಒಂದು, ಹೊರಹೋಗಲು ಒಂದು ಅಂಚು ಬೇಕು, ಎಲೆಗೆ ಇರುವುದೇ ಒಂದು. ಹಾಗಾಗಿ ಉಳಿದದ್ದು n − 1 ಶೃಂಗಗಳ ಮರ, ಅದರಲ್ಲಿ n − 2 ಅಂಚು. ತೆಗೆದದ್ದನ್ನು ಸೇರಿಸಿದರೆ n − 1.

ಉತ್ತರಪತ್ರಿಕೆಗಳಲ್ಲಿ ಇದನ್ನೇ ತಲೆಕೆಳಗಾಗಿ ಬರೆಯುವುದುಂಟು: «ಚಿಕ್ಕ ಮರಕ್ಕೆ ಒಂದು ಎಲೆ ಸೇರಿಸೋಣ, ಅಂಚೂ ಒಂದು ಹೆಚ್ಚಿತು, ಮುಗಿಯಿತು.» ಮುಗಿಯಲಿಲ್ಲ. ಹೀಗೆ ಸೇರಿಸಿ ಕಟ್ಟಿದ ಮರಗಳಿಗೆ ಮಾತ್ರ ಅದು ಅನ್ವಯಿಸುತ್ತದೆ. ಪ್ರತಿಯೊಂದು ಮರವನ್ನೂ ಹೀಗೆ ಕಟ್ಟಬಹುದು ಎನ್ನಲು ಎಲೆಯ ವಾದವೇ ಬೇಕು. ಸಾಧನೆಯ ತೂಕವೆಲ್ಲ ಇರುವುದು ಅಲ್ಲೇ.

ಚೌಕಕ್ಕೆ ಮರಳೋಣ. ಪ್ರತಿ ಸ್ಪ್ಯಾನಿಂಗ್ ಟ್ರೀಗೆ ಮೂರು ಅಂಚು. ಐದರಲ್ಲಿ ಮೂರನ್ನು ಆರಿಸಲು 10 ದಾರಿ. ಅವುಗಳಲ್ಲಿ ಸುತ್ತು ಬರುವುದು 1-2-3 ಮತ್ತು 1-3-4 ಎಂಬ ಎರಡು ತ್ರಿಕೋನಗಳಲ್ಲಿ ಮಾತ್ರ. ಉಳಿದದ್ದು 8. ಸುತ್ತಿಲ್ಲದೆ ತುಂಡಾಗಿದ್ದರೆ ಪ್ರತಿ ತುಂಡೂ ಒಂದು ಮರ, ಆಗ ಒಟ್ಟು ಅಂಚು ಮೂರಕ್ಕಿಂತ ಕಡಿಮೆ; ಹಾಗಾಗಿ ಈ 8 ಎಲ್ಲವೂ ಮರಗಳೇ.

ಗ್ರಾಫ್ ದೊಡ್ಡದಾದರೆ ಹೀಗೆ ಕಳೆಯುತ್ತ ಕೂರಲಾಗದು. ಅಲ್ಲಿ ನೆರವಿಗೆ ಬರುವುದು ಕಿರ್ಖಾಫ್ 1847ರಲ್ಲಿ ವಿದ್ಯುತ್ ಜಾಲಗಳ ಅಧ್ಯಯನದಲ್ಲಿ ಕಂಡುಕೊಂಡ ವಿಧಾನ. ಪ್ರತಿ ಶೃಂಗಕ್ಕೂ ಒಂದು ಅಡ್ಡಸಾಲು, ಒಂದು ಕಂಬಸಾಲು ಇರುವ ಮ್ಯಾಟ್ರಿಕ್ಸ್ ತೆಗೆದುಕೊಂಡು, ಅದರ ಕರ್ಣದ ಮೇಲೆ ಆಯಾ ಶೃಂಗಕ್ಕೆ ತಾಗಿದ ಅಂಚುಗಳ ಸಂಖ್ಯೆ ಬರೆಯಿರಿ. ಎರಡು ಶೃಂಗಗಳ ನಡುವೆ ಅಂಚಿದ್ದರೆ ಆ ಜಾಗದಲ್ಲಿ −1, ಇಲ್ಲದಿದ್ದರೆ 0. ಆಮೇಲೆ ಯಾವುದಾದರೂ ಒಂದು ಶೃಂಗದ ಅಡ್ಡಸಾಲನ್ನೂ ಕಂಬಸಾಲನ್ನೂ ಅಳಿಸಿ. ನಮ್ಮ ಚೌಕದಲ್ಲಿ 1ನೇ ಶೃಂಗವನ್ನು ಅಳಿಸಿದರೆ ಉಳಿಯುವುದು:

```
 2  -1   0
-1   3  -1
 0  -1   2
```

ಇದರ ಡಿಟರ್ಮಿನೆಂಟೇ ಸ್ಪ್ಯಾನಿಂಗ್ ಟ್ರೀಗಳ ಸಂಖ್ಯೆ: 2(6 − 1) − 2 = 8. ಅಳಿಸುವುದನ್ನು ಮರೆತರೆ ಉತ್ತರ ಯಾವಾಗಲೂ ಸೊನ್ನೆ, ಏಕೆಂದರೆ ಪೂರ್ತಿ ಮ್ಯಾಟ್ರಿಕ್ಸಿನಲ್ಲಿ ಪ್ರತಿ ಅಡ್ಡಸಾಲಿನ ಮೊತ್ತ ಸೊನ್ನೆ. ಸೊನ್ನೆ ಬಂದರೆ ಮೊದಲು ಇದನ್ನೇ ನೋಡಿ. ಸರಿಯಾಗಿ ಅಳಿಸಿಯೂ ಸೊನ್ನೆ ಬಂದರೆ ಗ್ರಾಫೇ ತುಂಡುತುಂಡಾಗಿದೆ ಎಂದರ್ಥ.

ಇದು ಎಣಿಸುವುದಾದರೂ ಹೇಗೆ? ಪ್ರತಿ ಅಂಚಿಗೂ ಒಂದು ದಿಕ್ಕು ಕೊಟ್ಟು ಒಂದು ಕಂಬಸಾಲು ಬರೆಯಿರಿ: ಹೊರಡುವ ಶೃಂಗದಲ್ಲಿ 1, ತಲುಪುವಲ್ಲಿ −1, ಉಳಿದೆಡೆ 0. ಇಲ್ಲೂ 1ನೇ ಶೃಂಗದ ಸಾಲು ಬೇಡ. ಈ ಮ್ಯಾಟ್ರಿಕ್ಸನ್ನು ಅದರದೇ ಪರಿವರ್ತದಿಂದ, ಅಂದರೆ ಅಡ್ಡ-ಕಂಬ ಅದಲುಬದಲಾದ ರೂಪದಿಂದ, ಗುಣಿಸಿದರೆ ಮೇಲಿನ ಮ್ಯಾಟ್ರಿಕ್ಸೇ ಬರುತ್ತದೆ. ಅದರ ಡಿಟರ್ಮಿನೆಂಟ್, ಕೋಶಿ-ಬಿನೆ ಸೂತ್ರದ ಪ್ರಕಾರ, n − 1 ಕಂಬಸಾಲುಗಳ ಪ್ರತಿ ಆಯ್ಕೆಯ ಡಿಟರ್ಮಿನೆಂಟಿನ ವರ್ಗಗಳ ಮೊತ್ತ. ಉಳಿದ ಅಡ್ಡಸಾಲೂ n − 1, ಮರಕ್ಕೆ ಬೇಕಾದ ಅಂಚೂ n − 1. ಮೊದಲು ಸಾಧಿಸಿದ್ದು ಕೆಲಸಕ್ಕೆ ಬರುವುದು ಇಲ್ಲಿ.

ಆಯ್ಕೆಯಲ್ಲಿ ಸುತ್ತಿದ್ದರೆ, ಉದಾಹರಣೆಗೆ 1→2, 2→3, 1→3 ಇದ್ದರೆ, ಮೊದಲೆರಡು ಕಂಬಸಾಲುಗಳ ಮೊತ್ತ ಮೂರನೆಯದೇ ಆಗುತ್ತದೆ, ಡಿಟರ್ಮಿನೆಂಟ್ ಸೊನ್ನೆ. ಆಯ್ಕೆ ಮರವಾಗಿದ್ದರೆ ಅದಕ್ಕೆ ಎರಡು ಎಲೆಗಳಿವೆ, ಅಳಿಸಿದ ಶೃಂಗ ಅವುಗಳಲ್ಲಿ ಒಂದೇ ಆಗಿರಬಲ್ಲದು. ಇನ್ನೊಂದು ಎಲೆಯ ಅಡ್ಡಸಾಲಿನಲ್ಲಿ 1 ಅಥವಾ −1 ಒಂದೇ ಬಾರಿ ಬರುತ್ತದೆ. ಆ ಸಾಲಿನ ಮೂಲಕ ಬಿಡಿಸುತ್ತ ಎಲೆಗಳನ್ನು ಒಂದೊಂದಾಗಿ ಉದುರಿಸಿದರೆ ಕೊನೆಗೆ ±1 ಉಳಿಯುತ್ತದೆ, ಅದರ ವರ್ಗ 1. ಅಂದರೆ ಪ್ರತಿ ಮರಕ್ಕೂ ಮೊತ್ತದಲ್ಲಿ ಒಂದೊಂದು ಸೇರುತ್ತದೆ, ಉಳಿದ ಆಯ್ಕೆಗಳಿಂದ ಏನೂ ಸೇರುವುದಿಲ್ಲ.

ಒಂದು ಎಚ್ಚರ: ಈ 8 ಶೃಂಗಗಳ ಹೆಸರನ್ನು ಗಮನಿಸಿದ ಎಣಿಕೆ. ಹೆಸರು ಮರೆತು ಆಕಾರ ಮಾತ್ರ ನೋಡಿದರೆ ಎರಡೇ ಬಗೆ. 1 ಅಥವಾ 3 ನಡುವಿರುವ ನಕ್ಷತ್ರ ಎರಡು, ನೇರ ದಾರಿ ಆರು.

ಇನ್ನು 2ರಿಂದ 4ಕ್ಕೂ ಕರ್ಣ ಎಳೆದರೆ ಗ್ರಾಫ್ ಪೂರ್ಣವಾಗುತ್ತದೆ. ಪೂರ್ಣ ಗ್ರಾಫಿಗೆ ಕೇಲಿಯ ಸೂತ್ರ n^(n−2), ಇಲ್ಲಿ 4² = 16. ಹಳೆಯ 8 ಮರಗಳು ಹಾಗೆಯೇ ಉಳಿದಿವೆ. ಹೊಸದಾಗಿ ಬಂದ 8ರಲ್ಲೂ 2-4 ಅಂಚು ಇದ್ದೇ ಇರುತ್ತದೆ.